ಹರಳಿನ ಗಾತ್ರ ಮತ್ತು ಡ್ರಿಪ್ ನಷ್ಟ: ಕಾಡ್ ಮೀನಿನ ಸ್ನಾಯು ಹೇಳುವುದೇನು?

ನಿಧಾನವಾಗಿ ಘನೀಕರಿಸಿದರೆ ದೊಡ್ಡ ಹಿಮಹರಳು ಬೆಳೆಯುತ್ತದೆ, ಅದು ಜೀವಕೋಶವನ್ನು ಸೀಳುತ್ತದೆ, ಕರಗಿಸಿದಾಗ ರಸ ಸೋರುತ್ತದೆ. ಆಹಾರ ಸಂರಕ್ಷಣೆಯ ಸಿದ್ಧಾಂತದಲ್ಲಿ ಈ ವಾದ ಬಹುಕಾಲದಿಂದ ನಡೆದುಬಂದಿದೆ. 1916ರಲ್ಲಿ ಜರ್ಮನಿಯ ಪ್ಲಾಂಕ್, ಎರೆನ್‌ಬಾಮ್ ಮತ್ತು ರಾಯ್ಟರ್ ಮೀನಿನ ಘನೀಕರಣದ ಬಗ್ಗೆ ಪ್ರಕಟಿಸಿದ ಅಧ್ಯಯನ ಇದಕ್ಕೆ ಬಲ ಕೊಟ್ಟಿತು. ಘನೀಕರಣದ ವೇಗ ಹರಳಿನ ಗಾತ್ರವನ್ನು ನಿರ್ಧರಿಸುತ್ತದೆ ಎಂಬ ಮಾತು ಗಟ್ಟಿ. ಮುಂದಿನ ಎರಡು ಕೊಂಡಿಗಳು ಅಷ್ಟು ಗಟ್ಟಿಯಲ್ಲ.

ಶಾಖವನ್ನು ನಿಧಾನವಾಗಿ ತೆಗೆದಾಗ ಮೊದಲು ಹೆಪ್ಪುಗಟ್ಟುವುದು ಕೋಶಗಳ ನಡುವಿನ ದ್ರವ. ಅಲ್ಲಿ ಉಳಿದ ದ್ರವದಲ್ಲಿ ಲವಣ ಸಾಂದ್ರವಾಗುತ್ತಾ ಹೋಗುತ್ತದೆ, ಅದು ಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ, ಹೊರಗಿನ ಹರಳು ಹಿಗ್ಗುತ್ತದೆ, ಕೋಶ ಕುಗ್ಗುತ್ತದೆ. ಶಾಖವನ್ನು ಶೀಘ್ರವಾಗಿ ತೆಗೆದರೆ ನೀರಿಗೆ ಹೊರಬರಲು ಸಮಯ ಸಾಲದು. ಕೋಶದೊಳಗೇ ಅಸಂಖ್ಯ ಸಣ್ಣ ಹರಳುಗಳು ಮೂಡುತ್ತವೆ. ಹಾಗಾದರೆ ಅತಿ ನಿಧಾನದಲ್ಲಿ ಬೆಳೆದ ದೊಡ್ಡ ಹರಳು ಕೋಶದ ಹೊರಗಿದೆ. ಕೋಶ ಹಿಂಡಿಹೋಗಿದೆ ನಿಜ, ಆದರೆ ಒಳಗಿನಿಂದ ಸೀಳಲ್ಪಟ್ಟಿದೆ ಎನ್ನಲು ಆಧಾರವಿಲ್ಲ.

ಇದನ್ನು ಪರೀಕ್ಷೆಗೊಡ್ಡಿದವರು ಸ್ಕಾಟ್ಲೆಂಡಿನ ಅಬರ್ಡೀನ್‌ನ ಟೋರಿ ಸಂಶೋಧನಾ ಕೇಂದ್ರದ ಆರ್. ಎಂ. ಲವ್. ಅವರು ನೆಚ್ಚಿದ ಗುರುತು ಡಿಎನ್ಎ. ಕೋಶದ ಹೊದಿಕೆ ಒಡೆಯದೆ ಅದು ಹೊರಬರುವುದು ಕಷ್ಟ. ಹೀಗಾಗಿ ಕರಗಿಸಿದ ಕಾಡ್ ಸ್ನಾಯುವಿನಿಂದ ಹಿಂಡಿದ ದ್ರವದಲ್ಲಿ ಡಿಎನ್ಎ ಎಷ್ಟಿದೆ ಎಂಬುದೇ ಕೋಶಹಾನಿಯ ಅಳತೆಯಾಯಿತು. ಘನೀಕರಣದ ಅವಧಿ ಹೆಚ್ಚಿದಂತೆ ಹಾನಿ ಒಂದೇ ಸಮನೆ ಏರಲಿಲ್ಲ. ಏರಿ, ಇಳಿದು, ಮತ್ತೆ ಏರಿತು. ಕೋಶದೊಳಗೆ ಒಂದೇ ದೊಡ್ಡ ಹರಳು ತುಂಬಿಕೊಳ್ಳುವ ಮಧ್ಯಮ ವೇಗ ಅತಿ ನಿಧಾನಕ್ಕಿಂತಲೂ ಅಪಾಯಕಾರಿ ಎಂಬುದು ನನಗೆ ಇಲ್ಲಿ ಅತ್ಯಂತ ಸಮಂಜಸವಾದ ವಿವರಣೆ.

ಸೋರಿಕೆಗೆ ಇನ್ನೊಂದು ಮೂಲವೂ ಇದೆ. ಮಾಂಸದಲ್ಲಿ -5 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಸುಮಾರು ಮುಕ್ಕಾಲು ಭಾಗ ನೀರು ಹಿಮವಾಗಿರುತ್ತದೆ. ಉಳಿದ ಕಾಲು ಭಾಗದಲ್ಲಿ ಲವಣಗಳು ಸರಿಸುಮಾರು ನಾಲ್ಕು ಪಟ್ಟು ಸಾಂದ್ರವಾಗುತ್ತವೆ. ಅಂಥ ದ್ರವದಲ್ಲಿ ಮಯೋಸಿನ್ ಪ್ರೋಟೀನು ಸ್ವರೂಪ ಕೆಟ್ಟು, ಕರಗಿದ ಮೇಲೆ ನೀರನ್ನು ಮರಳಿ ಹಿಡಿಯಲಾರದು. ಇಲ್ಲಿ ಸೋರಿಕೆಗೆ ಪೊರೆ ಸೀಳಲೇಬೇಕೆಂದಿಲ್ಲ.

ಅಳತೆ ಸರಳವೆಂದು ತೋರುತ್ತದೆ. 500 ಗ್ರಾಂ ತುಂಡನ್ನು 4 ಡಿಗ್ರಿಯಲ್ಲಿ ಕರಗಿಸಿ, ಮೇಲ್ಮೈ ಒರೆಸಿ ತೂಗಿದಾಗ 485 ಗ್ರಾಂ ಬಂದರೆ ನಷ್ಟ ಶೇಕಡಾ 3. ಆದರೆ ಇದೇ ಮಾಂಸವನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿದ್ದರೆ ಕತ್ತರಿಸಿದ ಮೈ ಹೆಚ್ಚಿ ನಷ್ಟವೂ ಹೆಚ್ಚುತ್ತಿತ್ತು. ಸಂಗ್ರಹದ ಅವಧಿ ಇನ್ನೂ ದೊಡ್ಡ ಗೊಂದಲ. ಶೀತಲ ಕೋಣೆಯ ಉಷ್ಣತೆ -18ರ ಆಸುಪಾಸಿನಲ್ಲಿ ಏರಿಳಿದಾಗ ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರುತ್ತವೆ. ತಿಂಗಳುಗಳು ಕಳೆದಂತೆ ಶೀಘ್ರ ಘನೀಕರಣ ತಂದಿದ್ದ ವ್ಯತ್ಯಾಸವೇ ಮಸುಕಾಗುತ್ತದೆ. ಆದ್ದರಿಂದ ಘನೀಕರಣದ ಅವಧಿ ಮತ್ತು ಡ್ರಿಪ್ ಶೇಕಡಾವಾರನ್ನಷ್ಟೇ ಮುಂದಿಟ್ಟು ಹರಳಿನ ಮೇಲೆ ಹೊಣೆ ಹೊರಿಸುವ ಲೇಖನವನ್ನು ಒಪ್ಪಲಾಗದು. ಘನೀಕರಿಸಿದ ಕೂಡಲೇ ಒಮ್ಮೆ, ಸಂಗ್ರಹದ ನಂತರ ಇನ್ನೊಮ್ಮೆ ಸ್ನಾಯುವಿನ ಸೂಕ್ಷ್ಮದರ್ಶಕ ಚಿತ್ರ ತೆಗೆದು, ಹರಳು ಕೋಶದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಅದು ತೋರಿಸಬೇಕು.