ವಲಯನಾಳದಲ್ಲಿ ಶಾಖಸಂವಹನ ಮತ್ತು ಜಲೀಯ ವ್ಯಾಸ

ಒಂದು ನಳಿಗೆಯ ಒಳಗೆ, ಅದರ ಅಕ್ಷದ ಮೇಲೆಯೇ, ಮತ್ತೊಂದು ಸಣ್ಣ ನಳಿಗೆಯನ್ನೋ ಸರಳನ್ನೋ ನಿಲ್ಲಿಸಿದರೆ ಎರಡರ ನಡುವೆ ಉಳಿಯುವ, ಅಡ್ಡಕೊಯ್ದು ನೋಡಿದಾಗ ಬಳೆಯಂತೆ ತೋರುವ ತೆರಪಿಗೆ ವಲಯನಾಳವೆಂದು ಹೆಸರು. ಒಳನಳಿಗೆಯಲ್ಲಿ ಒಂದು ದ್ರವವೂ ಈ ತೆರಪಿನಲ್ಲಿ ಇನ್ನೊಂದು ದ್ರವವೂ ಹರಿದು, ನಡುವಣ ಗೋಡೆಯ ಮೂಲಕ ಶಾಖವನ್ನು ಕೊಟ್ಟು ಕೊಳ್ಳುವ ಜೋಡಿನಳಿಗೆಯ ಶಾಖವಿನಿಮಯ ಯಂತ್ರದಲ್ಲಿ ಇದರ ಸರಳತಮ ರೂಪವನ್ನು ಕಾಣಬಹುದು. ದುಂಡು ನಳಿಗೆಗೆ ವ್ಯಾಸವೆಂಬುದು ಒಂದೇ. ವಲಯನಾಳಕ್ಕಾದರೋ ಎರಡು ವ್ಯಾಸಗಳು, ಎರಡು ಗೋಡೆಗಳು. ಹೀಗಿರುವುದನ್ನು ಒಂದೇ ಉದ್ದದ ಅಳತೆಗೆ ಇಳಿಸಿ, ದುಂಡು ನಳಿಗೆಗಾಗಿ ಸಿದ್ಧವಾದ ಸೂತ್ರಗಳನ್ನೇ ಇದಕ್ಕೂ ಅನ್ವಯಿಸುವ ಪದ್ಧತಿ ಹೇಗೆ ಬಂದಿತು, ಎಲ್ಲಿಯವರೆಗೆ ನಡೆಯಿತು, ಎಲ್ಲಿ ಮುಗ್ಗರಿಸಿತು ಎಂಬುದೇ ಈ ಲೇಖನದ ವಿಷಯ.

ಆ ಅಳತೆಯ ಮೂಲವು ಶಾಖಶಾಸ್ತ್ರದಲ್ಲಿಲ್ಲ, ಕಾಲುವೆಗಳಲ್ಲಿದೆ. 1775ರ ಸುಮಾರಿನಲ್ಲಿ, ಇವೆಟ್ ನದಿಯ ನೀರನ್ನು ಪ್ಯಾರಿಸ್ ನಗರಕ್ಕೆ ತರುವ ಯೋಜನೆಗಾಗಿ ಲೆಕ್ಕ ಹಾಕುತ್ತಿದ್ದ ಫ್ರೆಂಚ್ ಇಂಜಿನಿಯರ್ ಆಂತ್ವಾನ್ ಶೆಜಿ, ಇಳಿಜಾರಿನಲ್ಲಿ ನೀರನ್ನು ಮುಂದಕ್ಕೆಳೆಯುವ ಭಾರವು ಹರಿವಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಅನುಸರಿಸುತ್ತದೆಂದೂ, ಅದನ್ನು ತಡೆಯುವ ಘರ್ಷಣೆಯು ನೀರು ತಾಕುವ ಅಂಚಿನ ಉದ್ದವನ್ನು, ಎಂದರೆ ತೊಯ್ದ ಪರಿಧಿಯನ್ನು, ಅನುಸರಿಸುತ್ತದೆಂದೂ ಕಂಡುಕೊಂಡನು. ಇವೆರಡರ ನಿಷ್ಪತ್ತಿಯೇ ಮುಂದೆ ಜಲೀಯ ತ್ರಿಜ್ಯವೆನಿಸಿಕೊಂಡಿತು. ಅದನ್ನು ನಾಲ್ಕರಿಂದ ಗುಣಿಸಿದರೆ ದುಂಡು ನಳಿಗೆಯಲ್ಲಿ ಸರಿಯಾಗಿ ಅದರ ವ್ಯಾಸವೇ ದೊರೆಯುವುದರಿಂದ D_h = 4A/P ಎಂಬ ಜಲೀಯ ವ್ಯಾಸವು ರೂಢಿಗೆ ಬಂದಿತು; ವಲಯನಾಳದಲ್ಲಿ ಅದು ಹೊರವ್ಯಾಸದಿಂದ ಒಳವ್ಯಾಸವನ್ನು ಕಳೆದರೆ ಉಳಿಯುವ ಮೊತ್ತ. ಈ ಅಳತೆಯು ಬಲಗಳ ಸಮತೋಲದಿಂದ ಹುಟ್ಟಿದ್ದೆಂಬುದನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ತೊಡಕುಗಳೆಲ್ಲವೂ ಅಲ್ಲಿಂದಲೇ ಹೊರಡುತ್ತವೆ. ಬಲಗಳ ಲೆಕ್ಕದಲ್ಲಿ ತೊಯ್ದ ಗೋಡೆಗಳೆಲ್ಲ ಸಮಾನ ಪಾಲುದಾರರು; ಶಾಖದ ಲೆಕ್ಕದಲ್ಲಿ ಹಾಗಲ್ಲ.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಈ ಅಳತೆಗೆ ದೊರೆತ ಗೌರವವು ಅಕಾರಣವಾದುದಲ್ಲ. ಜರ್ಮನಿಯಲ್ಲಿ ಷಿಲ್ಲರ್ 1923ರಲ್ಲಿಯೂ ನಿಕುರಾಡ್ಸೆ 1930ರಲ್ಲಿಯೂ ದುಂಡಲ್ಲದ ನಾಳಗಳ ಮೇಲೆ ಪ್ರಕಟಿಸಿದ ಪ್ರಯೋಗಗಳಿಂದ, ಪ್ರವಾಹವು ಪ್ರಕ್ಷುಬ್ಧವಾಗಿದ್ದಾಗ, ಜಲೀಯ ವ್ಯಾಸವನ್ನು ಬಳಸಿದರೆ ಘರ್ಷಣೆಯು ಬಹುಮಟ್ಟಿಗೆ ದುಂಡು ನಳಿಗೆಯ ನಿಯಮವನ್ನೇ ಪಾಲಿಸುವುದೆಂದು ತಿಳಿದುಬಂದಿತು. ಅದೇ 1930ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಟಸ್ ಮತ್ತು ಬೋಲ್ಟರ್ ಎಂಬವರು ಮೋಟಾರು ಬಂಡಿಯ ರೇಡಿಯೇಟರಿನ ಸಲುವಾಗಿ ಪ್ರಕಟಿಸಿದ ಸೂತ್ರದಲ್ಲಿ ಶಾಖಸಂವಹನದ ಮಾನವಾದ ನುಸೆಲ್ಟ್ ಸಂಖ್ಯೆಯು ರೆನಾಲ್ಡ್ಸ್ ಸಂಖ್ಯೆಯ 0.8ನೆಯ ಘಾತವನ್ನು ಅನುಸರಿಸುತ್ತದೆ. ಇದರ ಪರಿಣಾಮವು ಸ್ವಾರಸ್ಯಕರವಾದುದು: ವೇಗವನ್ನು ಬದಲಿಸದೆ ವ್ಯಾಸವನ್ನು ಮಾತ್ರ ಬದಲಿಸಿದರೆ ಶಾಖಸಂವಹನ ಗುಣಾಂಕವು ವ್ಯಾಸದ ಐದನೆಯ ಮೂಲದಷ್ಟು ಮಾತ್ರ ಬದಲಾಗುತ್ತದೆ. ವ್ಯಾಸವನ್ನು ಇಮ್ಮಡಿಯಾಗಿ ತಪ್ಪೆಣಿಸಿದರೂ ಉತ್ತರದಲ್ಲಿ ನೂರಕ್ಕೆ ಹದಿಮೂರರಷ್ಟು ಮಾತ್ರವೇ ವ್ಯತ್ಯಾಸ. ತಪ್ಪನ್ನು ಇಷ್ಟು ಉದಾರವಾಗಿ ಕ್ಷಮಿಸುವ ಸೂತ್ರದ ಆಶ್ರಯದಲ್ಲಿ ಯಾವ ವ್ಯಾಸವಾದರೂ ಬಾಳೀತು.

ಆಗ ಒಂದು ಸಹಜವಾದ ಸಂದೇಹವೆದ್ದಿತು. ಜೋಡಿನಳಿಗೆಯಲ್ಲಿ ಶಾಖವು ಹಾಯುವುದು ಒಳನಳಿಗೆಯ ಮೈಯಿಂದ ಮಾತ್ರ. ಹೊರನಳಿಗೆಯು ಬಟ್ಟೆ ಹೊದಿಸಿದಂತೆ ಶಾಖರೋಧಕದಿಂದ ಮುಚ್ಚಿರುತ್ತದೆ. ಹಾಗಾದರೆ ಪರಿಧಿಯೆಂದಾಗ ಶಾಖದಲ್ಲಿ ಭಾಗವಿಲ್ಲದ ಹೊರಗೋಡೆಯನ್ನೂ ಏಕೆ ಸೇರಿಸಬೇಕು? 1950ರಲ್ಲಿ ಪ್ರಕಟವಾಗಿ, ಮೂರು ತಲೆಮಾರುಗಳ ರಾಸಾಯನಿಕ ಇಂಜಿನಿಯರುಗಳಿಗೆ ಪಾಠ ಹೇಳಿದ ತನ್ನ ಗ್ರಂಥದಲ್ಲಿ ಡೊನಾಲ್ಡ್ ಕರ್ನ್ ಈ ಸಂದೇಹಕ್ಕೆ ಒಂದು ನಿಷ್ಕೃಷ್ಟವಾದ ಉತ್ತರವನ್ನು ಕೊಟ್ಟನು: ಒತ್ತಡದ ಇಳಿಕೆಗೆ ಎರಡೂ ಗೋಡೆಗಳ ಪರಿಧಿ, ಶಾಖಕ್ಕೆ ಒಳನಳಿಗೆಯ ಪರಿಧಿ ಮಾತ್ರ. ಹೀಗೆ ಒಂದೇ ನಾಳಕ್ಕೆ ಎರಡು ಸಮಾನ ವ್ಯಾಸಗಳಾದವು. ಎರಡಂಗುಲದ ನಳಿಗೆಯೊಳಗೆ ಒಂದೂಕಾಲಂಗುಲದ ನಳಿಗೆಯಿರುವ ಸಾಮಾನ್ಯ ಜೋಡಿಯಲ್ಲಿ ಹೊರಗಿನದರ ಒಳವ್ಯಾಸ 52.5 ಮಿಲಿಮೀಟರ್, ಒಳಗಿನದರ ಹೊರವ್ಯಾಸ 42.2, ಮೊದಲ ರೀತಿಯಲ್ಲಿ ಸಮಾನ ವ್ಯಾಸವು 10.3 ಮಿಲಿಮೀಟರ್, ಎರಡನೆಯ ರೀತಿಯಲ್ಲಿ 23.1. ಪ್ರಕ್ಷುಬ್ಧ ಪ್ರವಾಹದಲ್ಲಿ ಇವೆರಡರಿಂದ ಬರುವ ಗುಣಾಂಕಗಳ ಅಂತರವು ನೂರಕ್ಕೆ ಹದಿನೈದು, ಕರ್ನನ ಲೆಕ್ಕವು ಕಡಿಮೆ ಹೇಳುವುದರಿಂದ ಯಂತ್ರವು ಸ್ವಲ್ಪ ದೊಡ್ಡದಾಗುತ್ತದೆ, ಅಷ್ಟೆ, ಯಾರೂ ದೂರುವುದಿಲ್ಲ. ಈ ಪದ್ಧತಿಯ ದೀರ್ಘಾಯುಸ್ಸಿಗೆ ಅದರ ಸತ್ಯಕ್ಕಿಂತಲೂ ಈ ನಿರಪಾಯತೆಯೇ ಕಾರಣವೆಂದು ನನ್ನ ಎಣಿಕೆ.

ನಿರಪಾಯತೆಯು ಮುಗಿಯುವುದು ಪ್ರವಾಹವು ಸ್ತರೀಯವಾದಲ್ಲಿ, ಎಂದರೆ ದ್ರವವು ಪದರಪದರವಾಗಿ ಕಲಕದೆ ಹರಿಯುವಲ್ಲಿ. ಒಂದು ನಿದರ್ಶನವನ್ನು ಕೊನೆಯವರೆಗೂ ಬಿಡಿಸಿ ನೋಡುವುದು ಲೇಸು. 10 ಮಿಲಿಮೀಟರ್ ಒಳವ್ಯಾಸದ ನಳಿಗೆಯ ನಡುವೆ 2 ಮಿಲಿಮೀಟರಿನ ಕಾವುಸರಳೊಂದಿದೆ; ಸುತ್ತಲೂ ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಸೆಕೆಂಡಿಗೆ 5 ಸೆಂಟಿಮೀಟರ್ ವೇಗದಿಂದ ಹರಿಯುತ್ತದೆ; ಸರಳಿನ ಮೈಯಿಂದ ಚದರ ಮೀಟರಿಗೆ 10,000 ವಾಟ್ ಶಾಖವು ಹೊರಡುತ್ತದೆ; ಹೊರಗೋಡೆಯಿಂದ ಶಾಖವಿಲ್ಲ. ಜಲೀಯ ವ್ಯಾಸವು 8 ಮಿಲಿಮೀಟರ್, ರೆನಾಲ್ಡ್ಸ್ ಸಂಖ್ಯೆಯು ಸುಮಾರು 500, ಆದುದರಿಂದ ಪ್ರವಾಹವು ನಿಸ್ಸಂದೇಹವಾಗಿ ಸ್ತರೀಯ. ದುಂಡು ನಳಿಗೆಯಲ್ಲಿ ಶಾಖದ ಒಸರು ಸಮವಾಗಿರುವಾಗ ನುಸೆಲ್ಟ್ ಸಂಖ್ಯೆಯು 4.36 ಎಂಬ ಸ್ಥಿರಾಂಕ. ಅದನ್ನೇ ಇಲ್ಲಿಗೆ ತಂದರೆ, ನೀರಿನ ಉಷ್ಣವಾಹಕತೆಯನ್ನು 0.6 ಎಂದು ಹಿಡಿದಾಗ, ಗುಣಾಂಕವು 327. ಸರಳಿನ ಮೈಯು ನೀರಿನ ಸರಾಸರಿ ಉಷ್ಣತೆಗಿಂತ ಸುಮಾರು 31 ಡಿಗ್ರಿ ಮೇಲಿರಬೇಕು.

ಆದರೆ ಈ ವಲಯನಾಳಕ್ಕೆಂದೇ ಸಮೀಕರಣವನ್ನು ಬಿಡಿಸಿದರೆ ದೊರೆಯುವ ನುಸೆಲ್ಟ್ ಸಂಖ್ಯೆಯು 8.5, ಸರಳು ಮೇಲಿರುವುದು 16 ಡಿಗ್ರಿಯಷ್ಟೇ. ಸಣ್ಣ ಸರಳಿನಿಂದ ಹೊರಟ ಶಾಖವು ಹೊರಕ್ಕೆ ಸಾಗಿದಂತೆಲ್ಲ ಅದರ ದಾರಿಯು ವಿಶಾಲವಾಗುತ್ತದೆ. ಕಿರುಗಲ್ಲಿಯಿಂದ ಬಯಲಿಗೆ ಬಂದ ಜನಸಂದಣಿಯಂತೆ ಅದಕ್ಕೆ ಮುಂದೆ ತಡೆಯಿಲ್ಲ. ಇದೇ ನಾಳದಲ್ಲಿ ಸರಳನ್ನು ತಣ್ಣಗೆ ಬಿಟ್ಟು ಹೊರಗೋಡೆಯನ್ನೇ ಅಷ್ಟೇ ಒಸರಿನಿಂದ ಕಾಯಿಸಿದರೆ ಶಾಖವು ಕುಗ್ಗುವ ದಾರಿಯಲ್ಲಿ ಒಳಕ್ಕೆ ಸಾಗಬೇಕು. ನುಸೆಲ್ಟ್ ಸಂಖ್ಯೆಯು 4.88ಕ್ಕೆ ಇಳಿದು ಗೋಡೆಯು 27 ಡಿಗ್ರಿ ಮೇಲೇರುತ್ತದೆ. ಜಲೀಯ ವ್ಯಾಸವು ಎರಡು ಸಂದರ್ಭಗಳಲ್ಲಿಯೂ ಅದೇ 8 ಮಿಲಿಮೀಟರ್. ಕಾದದ್ದು ಯಾವ ಗೋಡೆಯೆಂಬುದನ್ನು ಅದು ಬಲ್ಲದು ಎಂದು ನಂಬಲು ಆಧಾರವೇ ಇಲ್ಲ. ಕರ್ನನ ವ್ಯಾಸವಾದರೂ ಬಲ್ಲದಲ್ಲವೆ ಎಂದರೆ, ಅದು ಬಲ್ಲದ್ದನ್ನು ತಲೆಕೆಳಗಾಗಿ ಬಲ್ಲದು: ಅದರ ಪ್ರಕಾರ ವ್ಯಾಸವು 48 ಮಿಲಿಮೀಟರ್ ಆಗಿ, 4.36ರಿಂದ ದೊರೆಯುವ ಗುಣಾಂಕವು 55ರ ಸಮೀಪಕ್ಕೆ, ಎಂದರೆ ನಿಜವಾದುದರ ಹನ್ನೆರಡನೆಯ ಒಂದು ಭಾಗಕ್ಕೆ, ಕುಸಿಯುತ್ತದೆ. ಸರಳು ಸಪುರವಾದಷ್ಟೂ ನಿಜವಾದ ಗುಣಾಂಕವು ಏರುತ್ತದೆ, ಕರ್ನನದು ಇಳಿಯುತ್ತದೆ. ಅಲ್ಲದೆ ಅದೇ 48ನ್ನು ರೆನಾಲ್ಡ್ಸ್ ಸಂಖ್ಯೆಯಲ್ಲಿಯೂ ಹಾಕಿದರೆ 500 ಇದ್ದದ್ದು 3000 ಆಗಿ, ಶಾಂತವಾಗಿ ಹರಿಯುವ ನೀರು ಕಾಗದದ ಮೇಲೆ ಕಲಕಿಹೋಗುತ್ತದೆ.

ಎರಡು ಗೋಡೆಗಳೂ ಕಾದಾಗ ಸ್ಥಿತಿಯು ಇನ್ನೂ ವಿಚಿತ್ರ. ಈ ಭಾಗದ ಇತಿಹಾಸಕ್ಕೆ 1963 ಮುಖ್ಯವಾದ ವರ್ಷ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ರೆನಾಲ್ಡ್ಸ್, ಲುಂಡ್‌ಬರ್ಗ್ ಮತ್ತು ಮೆಕ್ಯೂಯೆನ್ ಸ್ತರೀಯ ಪ್ರವಾಹಕ್ಕೂ, ಕೇಸ್ ಮತ್ತು ಲ್ಯೂಂಗ್ ಪ್ರಕ್ಷುಬ್ಧ ಪ್ರವಾಹಕ್ಕೂ, ಒಂದೊಂದು ಗೋಡೆ ಬೇರೆಬೇರೆಯಾಗಿ ಕಾದಾಗಿನ ಪರಿಹಾರಗಳನ್ನು ಗಣಿಸಿ, ಅವನ್ನು ಕೂಡಿಸಿ ಯಾವ ಸಂದರ್ಭಕ್ಕಾದರೂ ಉತ್ತರ ಪಡೆಯುವ ಮಾರ್ಗವನ್ನು ಪ್ರಕಟಿಸಿದರು. (ಈ ರೆನಾಲ್ಡ್ಸ್, ಸಂಖ್ಯೆಗೆ ಹೆಸರು ಕೊಟ್ಟ ಹತ್ತೊಂಬತ್ತನೆಯ ಶತಮಾನದ ಆಸ್ಬರ್ನ್ ರೆನಾಲ್ಡ್ಸ್ ಅಲ್ಲ.) ನಮ್ಮ ನಿದರ್ಶನದಲ್ಲಿ ಹೊರಗೋಡೆಯಿಂದ ಬರುವ ಒಸರನ್ನು ಸರಳಿನ ಒಸರಿಗೆ ಸಮನಾಗಿಸಿದರೆ, ಆ ಮಾರ್ಗದಂತೆ ಸರಳಿನ ನುಸೆಲ್ಟ್ ಸಂಖ್ಯೆಯು 8.5ನ್ನು 1 − 0.905ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 90. ಸರಳಿನ ಮೈ ನೀರಿನ ಸರಾಸರಿಗಿಂತ ಕೇವಲ ಒಂದೂವರೆ ಡಿಗ್ರಿ ಮೇಲಿರುತ್ತದೆ. ಹೊರಗಿನ ಒಸರು ಇನ್ನೂ ಐದನೆಯ ಒಂದರಷ್ಟು ಹೆಚ್ಚಿದರೆ ಸಂಖ್ಯೆಯು ಋಣವಾಗುತ್ತದೆ! ಸರಳು ಶಾಖವನ್ನು ಕೊಡುತ್ತಲೇ ಇದ್ದರೂ ನೀರಿನ ಸರಾಸರಿಗಿಂತ ತಣ್ಣಗಿದೆಯೆಂದು ಇದರ ಅರ್ಥ. ಇದರಲ್ಲಿ ನಿಸರ್ಗನಿಯಮದ ಭಂಗವೇನೂ ಇಲ್ಲ: ವಿಸ್ತಾರವಾದ ಹೊರಗೋಡೆಯ ಬಳಿಯ ನೀರು ಬಹಳ ಬಿಸಿಯಾಗಿ ಸರಾಸರಿಯನ್ನು ಮೇಲಕ್ಕೆಳೆದಿರುತ್ತದೆ, ಸರಳನ್ನು ಮುಟ್ಟುವ ನೀರು ಮಾತ್ರ ಸರಳಿಗಿಂತ ತಣ್ಣಗೆಯೇ ಇರುತ್ತದೆ. ಇಂತಲ್ಲಿ ಕುಂದಿರುವುದು ವ್ಯಾಸವೊಂದೇ ಅಲ್ಲ. ಗೋಡೆಗೂ ಸರಾಸರಿಗೂ ಇರುವ ಅಂತರದಿಂದ ಶಾಖವನ್ನಳೆಯುವ ಗುಣಾಂಕವೆಂಬ ಕಲ್ಪನೆಯೇ ಕುಂದಿದೆ.

ಈ ಅಂಕಿಗಳೆಲ್ಲ ಉಷ್ಣತೆಯ ವಿನ್ಯಾಸವು ಪೂರ್ಣವಾಗಿ ರೂಪುಗೊಂಡ ಮೇಲಿನವು. ನಮ್ಮ ನೀರಿಗೆ ಅದಕ್ಕೆ ಸುಮಾರು ಒಂದು ಮೀಟರ್ ದೂರ ಬೇಕು. ದಪ್ಪನೆಯ ಎಣ್ಣೆಗಾದರೆ ಹತ್ತಾರು ಮೀಟರ್ ಬೇಕಾಗಬಹುದು, ಅಷ್ಟರಲ್ಲಿ ಯಂತ್ರವೇ ಮುಗಿದುಹೋಗಿರುತ್ತದೆ. ಎಣ್ಣೆಯ ತಂಪುಕಾರಿಯ ಅಳತೆಯು ಸ್ಥಿರಾಂಕಕ್ಕಿಂತ ಹೆಚ್ಚಿನ ಗುಣಾಂಕವನ್ನು ತೋರಿದರೆ ಮೊದಲು ಸಂಶಯಿಸತಕ್ಕದ್ದು ಈ ಪ್ರವೇಶಭಾಗವನ್ನು.

ಪ್ರಕ್ಷುಬ್ಧ ಪ್ರವಾಹದಲ್ಲಿ ಅದೇ ರೇಖಾಗಣಿತವು ಇಷ್ಟು ಸೌಮ್ಯವಾಗಿ ವರ್ತಿಸುವುದೇಕೆ? ಅಲ್ಲಿ ಶಾಖಕ್ಕೆ ತಡೆಯೆಲ್ಲ ಗೋಡೆಗಂಟಿದ ತೆಳುಪದರದಲ್ಲಿಯೇ ಕೂಡಿರುತ್ತದೆ. ಆಚೆಗಿನ ಕಲಕುವ ನೀರಿನ ಆಕಾರವು ಬಳೆಯಾದರೇನು, ದುಂಡಾದರೇನು? ಸೋವಿಯತ್ ವಿಜ್ಞಾನಿಗಳಾದ ಪೆತುಖೊವ್ ಮತ್ತು ರೊಯ್ಜೆನ್ 1964ರಲ್ಲಿ ಕೊಟ್ಟ ತಿದ್ದುಪಡಿಯಂತೆ, ನಮ್ಮ ನಾಳದ ಒಳಗೋಡೆ ಕಾದರೆ ಜಲೀಯ ವ್ಯಾಸದಿಂದ ಬಂದ ಉತ್ತರವನ್ನು ನೂರಕ್ಕೆ 11ರಷ್ಟು ಏರಿಸಬೇಕು, ಹೊರಗೋಡೆ ಕಾದರೆ 5ರಷ್ಟು ಇಳಿಸಬೇಕು. ಕರ್ನನ ವ್ಯಾಸವು ಒಳಗೋಡೆಯ ಉತ್ತರವನ್ನು 30ರಷ್ಟು ಇಳಿಸುತ್ತದೆ. ದ್ರವಲೋಹಗಳಲ್ಲಿ ಮಾತ್ರ ಈ ಸೌಮ್ಯತೆ ಉಳಿಯದು, ಏಕೆಂದರೆ ಸೋಡಿಯಂನಂತಹ ಲೋಹದಲ್ಲಿ ಕಲಕಾಟದ ನಡುವೆಯೂ ಶಾಖವು ಬಹುಪಾಲು ವಹನದಿಂದಲೇ ಸಾಗುತ್ತದೆ.

ಘರ್ಷಣೆಯು ಈ ಅಳತೆಯ ತವರಾದರೂ ಸ್ತರೀಯ ಪ್ರವಾಹದಲ್ಲಿ ಅಲ್ಲಿಯೂ ಅದಕ್ಕೆ ಪೂರ್ಣ ಮನ್ನಣೆಯಿಲ್ಲ. ದುಂಡು ನಳಿಗೆಯಲ್ಲಿ ಘರ್ಷಣಾಂಕ ಮತ್ತು ರೆನಾಲ್ಡ್ಸ್ ಸಂಖ್ಯೆಗಳ ಗುಣಲಬ್ಧವು 64. ನಮ್ಮ ವಲಯನಾಳದಲ್ಲಿ 92ಕ್ಕೂ ಮಿಗಿಲು. ತೆರಪು ಕಿರಿದಾದಂತೆ 96. ಒಳಗೋಡೆಯ ಮೇಲಿನ ಘರ್ಷಣೆಯು ಹೊರಗೋಡೆಯ ಮೇಲಿನದರ 1.8ರಷ್ಟಿರುವಾಗ ಎರಡನ್ನೂ ಒಂದೇ ಪರಿಧಿಯಲ್ಲಿ ಬೆರೆಸಿದುದರ ಫಲವಿದು. ಇನ್ನು ಒಳನಳಿಗೆಯನ್ನು ಆಧರಿಸುವ ತಡಿಗಳು ಸಡಿಲಿ ಅದು ಪಕ್ಕಕ್ಕೆ ವಾಲಿತೆನ್ನಿ: ವಿಸ್ತೀರ್ಣವು ಅಷ್ಟೇ, ಪರಿಧಿಯು ಅಷ್ಟೇ, ಆದುದರಿಂದ ಜಲೀಯ ವ್ಯಾಸವೂ ಎಳ್ಳಷ್ಟೂ ಬದಲಾಗದು. ಆದರೆ ಕಿರಿದಾದ ತೆರಪಿನಲ್ಲಿ ಒಳನಳಿಗೆಯು ಹೊರಗಿನದನ್ನು ತಾಗುವಷ್ಟು ವಾಲಿದರೆ, ಅದೇ ಒತ್ತಡಕ್ಕೆ ಸ್ತರೀಯ ಪ್ರವಾಹವು ಎರಡೂವರೆ ಪಟ್ಟು ಹೆಚ್ಚುತ್ತದೆ. ಹೆಚ್ಚಿದುದೆಲ್ಲ ಅಗಲವಾದ ಮಗ್ಗುಲಿನಲ್ಲಿ ಹಾದುಹೋಗಿ, ತಾಗಿರುವ ಮಗ್ಗುಲಿನಲ್ಲಿ ದ್ರವವು ನಿಂತಂತಾಗಿ, ಅಲ್ಲಿನ ಗೋಡೆಯು ಸುಡುತ್ತದೆ. ಒತ್ತಡದ ಇಳಿಕೆಯು ಲೆಕ್ಕಕ್ಕಿಂತ ಕಡಿಮೆಯಾಗಿಯೂ ಗೋಡೆಯ ಒಂದು ಪಾರ್ಶ್ವದ ಉಷ್ಣತೆಯು ಲೆಕ್ಕಕ್ಕಿಂತ ಹೆಚ್ಚಾಗಿಯೂ ಒಟ್ಟಿಗೆ ಕಂಡುಬಂದರೆ, ಸೂತ್ರವನ್ನು ತಿದ್ದುವುದಕ್ಕೆ ಮೊದಲು ನಳಿಗೆಯನ್ನು ಬಿಚ್ಚಿ ತಡಿಗಳನ್ನು ನೋಡತಕ್ಕದ್ದು.