ಆಪರೇಟರ್‌ಗಳು ನಮ್ಮ ಸ್ಟಾಪ್‌ಲಾಸ್ ಹೊಡೆದು ಬೆಲೆ ಇಳಿಸುತ್ತಾರೆಯೇ? ‘ಲಿಕ್ವಿಡಿಟಿ ಸ್ವೀಪ್’ ಎಷ್ಟು ನಿಜ?

ಷೇರು ಟ್ರೇಡಿಂಗ್ ಗ್ರೂಪ್‌ಗಳಲ್ಲಿ ಒಂದು ಚಾರ್ಟ್ ಆಗಾಗ ಹರಿದಾಡುತ್ತದೆ. ಒಂದೇ ಮಟ್ಟದ ಎರಡು ಶಿಖರ, ಅದರ ಮೇಲೆ ಇಣುಕಿ ಕೆಳಗೆ ಬಿದ್ದ ಒಂದು ಕ್ಯಾಂಡಲ್. ಜೊತೆಗೆ, ‘ನೋಡಿ, ಸ್ಟಾಪ್‌ಲಾಸ್ ಬೇಟೆ!’ ಎಂಬ ಸಾಲು. ಇದರಲ್ಲಿ ಅರ್ಧ ನಿಜವಿದೆ.

ನಿಜ ಯಾವುದು?

ಒಂದು ಷೇರಿನ ಬೆಲೆ ಬೆಳಿಗ್ಗೆ 500 ರೂಪಾಯಿಗೆ ಹೋಗಿ ಇಳಿಯಿತು, ಮಧ್ಯಾಹ್ನ ಮತ್ತೆ 500.20ಕ್ಕೆ ಹೋಗಿ ಇಳಿಯಿತು ಎಂದುಕೊಳ್ಳಿ. ಇದನ್ನೇ ‘ಈಕ್ವಲ್ ಹೈ’ ಎನ್ನುತ್ತಾರೆ. ಬೆಲೆ ಇಳಿಯುತ್ತದೆಂದು 498ಕ್ಕೆ ಮೊದಲೇ ಮಾರಿದವರು (ಶಾರ್ಟ್) 501ರಲ್ಲಿ ಸ್ಟಾಪ್‌ಲಾಸ್ ಇಡುತ್ತಾರೆ. ಅವರ ಸ್ಟಾಪ್‌ಲಾಸ್ ಎಂದರೆ ಖರೀದಿ ಆರ್ಡರ್. ಬೆಲೆ 500 ದಾಟಿದರೆ ಇನ್ನೂ ಏರುತ್ತದೆ ಎಂದು ನಂಬಿದವರ ಖರೀದಿ ಆರ್ಡರ್‌ಗಳೂ ಅಲ್ಲೇ ಕಾದಿರುತ್ತವೆ.

ಬೆಲೆ 501 ಮುಟ್ಟಿದ ಕೂಡಲೇ ಇವೆಲ್ಲ ಒಟ್ಟಿಗೆ ಜಾರಿಯಾಗುತ್ತವೆ. ಬೆಲೆ 502.50ಕ್ಕೆ ಜಿಗಿಯುತ್ತದೆ. ಹೆಚ್ಚು ಷೇರು ಮಾರಬೇಕಾದವರಿಗೆ ಆಗ ಬೇಕಾದಷ್ಟು ಕೊಳ್ಳುವವರು ಸಿಗುತ್ತಾರೆ. ಅವರು ಮಾರಿದಾಗ ಬೆಲೆ 497ಕ್ಕೆ ಬೀಳಬಹುದು. ಶಾರ್ಟ್ ಮಾಡಿದವರ ಅಂದಾಜು ಸರಿಯಿದ್ದರೂ, ಷೇರಿಗೆ ಸುಮಾರು 3 ರೂಪಾಯಿ ಹೋಯಿತು.

ಇದಕ್ಕೆ ಯಾರ ಸಂಚೂ ಬೇಕಿಲ್ಲ. ಎಲ್ಲರೂ ಒಂದೇ ಜಾಗದಲ್ಲಿ ಆರ್ಡರ್ ಇಟ್ಟರೆ ಸಾಕು.

ಎಡವುವುದು ಎಲ್ಲಿ?

ಸ್ಟಾಪ್‌ಲಾಸ್ ಜಾರಿಯಾದ ಮೇಲೆ ಬೆಲೆ ತಿರುಗಲೇಬೇಕೆಂದಿಲ್ಲ. ಅರ್ಥಶಾಸ್ತ್ರಜ್ಞೆ ಕ್ಯಾರಲ್ ಆಸ್ಲರ್ ವಿದೇಶಿ ವಿನಿಮಯ ಮಾರುಕಟ್ಟೆಯ ಆರ್ಡರ್‌ಗಳನ್ನು ಅಧ್ಯಯನ ಮಾಡಿದ್ದರು. ಸ್ಟಾಪ್‌ಲಾಸ್‌ಗಳು ಗುಂಪಾಗಿದ್ದ ಮಟ್ಟ ಮುಟ್ಟಿದಾಗ ಬೆಲೆ ಅದೇ ದಿಕ್ಕಿನಲ್ಲಿ ವೇಗವಾಗಿ ಮುಂದುವರಿಯುವ ಪ್ರವೃತ್ತಿ ಅವರಿಗೆ ಕಂಡಿತು.

ಹಾಗಿದ್ದರೂ ‘ಸ್ವೀಪ್’ ಯಾವಾಗಲೂ ಸರಿಯೆನಿಸುವುದೇಕೆ? ಬೆಲೆ ತಿರುಗಿ ಬಿದ್ದರೆ ‘ಸ್ವೀಪ್’ ಎನ್ನುತ್ತಾರೆ, ಮೇಲೆಯೇ ಹೋದರೆ ‘ಬ್ರೇಕ್‌ಔಟ್’ ಎನ್ನುತ್ತಾರೆ. ಹೆಸರಿಡುವುದು ಫಲಿತಾಂಶ ನೋಡಿದ ಮೇಲೆ.

ಅಳತೆಯೂ ಒಬ್ಬೊಬ್ಬರಿಗೆ ಒಂದೊಂದು. 500 ಮತ್ತು 500.20 ಸಮಾನವೇ? 501.50 ಆಗಿದ್ದರೆ? 5 ನಿಮಿಷದ ಚಾರ್ಟಿನಲ್ಲಿ ಕ್ಯಾಂಡಲ್ 500ರ ಮೇಲೆ ಮುಗಿದು ‘ಬ್ರೇಕ್‌ಔಟ್’ ಆದದ್ದು, 15 ನಿಮಿಷದ ಚಾರ್ಟಿನಲ್ಲಿ ಬರೀ ಉದ್ದನೆಯ ಬತ್ತಿಯಾಗಿ ‘ಸ್ವೀಪ್’ ಎನಿಸಬಹುದು. ಚಾರ್ಟಿನಲ್ಲಿ ಕಾಣುವುದು ಬೆಲೆ ಮಾತ್ರ. ಯಾರು ಕೊಂಡರು, ಯಾವುದು ಸ್ಟಾಪ್‌ಲಾಸ್ ಎಂಬುದು ಕಾಣುವುದಿಲ್ಲ.

ಪರೀಕ್ಷಿಸುವುದು ಹೇಗೆ?

ಎಷ್ಟು ಪೈಸೆ ಅಂತರದವರೆಗೆ ‘ಸಮಾನ’, ಯಾವ ಚಾರ್ಟ್, ಎಷ್ಟು ಕ್ಯಾಂಡಲ್‌ಗಳೊಳಗೆ ಬೆಲೆ ಕೆಳಗೆ ಮರಳಬೇಕು, ಎಷ್ಟು ಇಳಿಯಬೇಕು ಎಂದು ಮೊದಲೇ ಬರೆದಿಡಿ. ಆಮೇಲೆ ಬೆಲೆ ಶಿಖರ ದಾಟಿದ ಪ್ರತಿ ಸಲವನ್ನೂ ಎಣಿಸಿ, ತಿರುಗದವನ್ನೂ ಸೇರಿಸಿ. ಬ್ರೋಕರೇಜ್ ಮತ್ತು ತೆರಿಗೆ ಕಳೆಯಿರಿ. ಫಾರ್ವರ್ಡ್ ಆಗುವ ಚಾರ್ಟ್‌ಗಳಲ್ಲಿ ತಿರುಗಿದವು ಮಾತ್ರ ಇರುತ್ತವೆ.

ತೀರ್ಮಾನ: ಶಿಖರದ ಮೇಲೆ ಸ್ಟಾಪ್‌ಲಾಸ್‌ಗಳು ಗುಂಪಾಗುವುದು ನಿಜ. ಪ್ರತಿ ಉದ್ದ ಬತ್ತಿಯೂ ಯಾರೋ ಆಡಿದ ಬೇಟೆ ಎನ್ನುವುದಕ್ಕೆ ಚಾರ್ಟ್ ಪುರಾವೆಯಲ್ಲ.