‘ಪರವಾಗಿಲ್ಲ’ ಎಂಬ ಮಾತಿಗೆ ಎಷ್ಟು ಅಂಕ?

ಸಿರುಗುಪ್ಪ ಸೀಮೆಯ ಹಳ್ಳಿಯೊಂದರಲ್ಲಿ ಕಾಲುವೆ ನೀರಿನ ಬಗ್ಗೆ ಸಮೀಕ್ಷೆ ಮಾಡುತ್ತಿದ್ದೆ. ಕೈಯಲ್ಲಿದ್ದ ಹಾಳೆಯಲ್ಲಿ ಐದು ಚೌಕಗಳಿದ್ದವು: ಬಹಳ ತೃಪ್ತಿ, ತೃಪ್ತಿ, ಎರಡೂ ಅಲ್ಲ, ಅತೃಪ್ತಿ, ಬಹಳ ಅತೃಪ್ತಿ. ಭತ್ತದ ಗದ್ದೆಯಿಂದ ಆಗತಾನೇ ಮೇಲೆ ಬಂದಿದ್ದ ರೈತರೊಬ್ಬರು ಐದನ್ನೂ ಓದಿಸಿಕೊಂಡು ಕೇಳಿದರು. ಆಮೇಲೆ ಕೈಕಾಲು ತೊಳೆಯುತ್ತಲೇ ಅಂದರು: “ಪರವಾಗಿಲ್ಲ ಬಿಡ್ರಿ, ಬರಕೊಳ್ರಿ.”

ಅದನ್ನು ಯಾವ ಚೌಕಕ್ಕೆ ಬರೆದುಕೊಳ್ಳುವುದು? ‘ಎರಡೂ ಅಲ್ಲ’ ಎಂಬ ನಡುವಿನ ಚೌಕಕ್ಕೆ ಗುರುತು ಹಾಕಿ ಮುಂದಿನ ಮನೆಗೆ ನಡೆದೆ. ಅದು ತಪ್ಪೆಂದು ತಿಳಿಯಲು ಬಹಳ ದಿನ ಹಿಡಿಯಿತು. ಕನ್ನಡದಲ್ಲಿ ‘ಪರವಾಗಿಲ್ಲ’ ಎಂದರೆ ತಕ್ಕಡಿಯ ಮುಳ್ಳು ನಡುವೆ ನಿಂತಿದೆ ಎಂದಲ್ಲ. ಕೊರತೆ ಇದೆ, ಆದರೂ ದೂರುವಷ್ಟಿಲ್ಲ ಎಂದು. ಒಂದೊಂದು ಸಲ ಅದು ಮೆಚ್ಚುಗೆ, ಒಂದೊಂದು ಸಲ ಕೇಳಿದವನ ಮುಖ ನೋಡಿ ನುಂಗಿಕೊಂಡ ಸಿಟ್ಟು. ಗಡಿಯ ಊರುಗಳಲ್ಲಿ ತೆಲುಗಿನವರು ‘ಪರವಾಲೇದು’ ಎನ್ನುವಾಗಲೂ ಇದೇ ಕಥೆ. ಹಂತಗಳ ಲೆಕ್ಕಾಚಾರ ಬೆಳೆದುಬಂದ ದಾರಿಯನ್ನು ಈ ಒಂದು ಮಾತನ್ನು ಹಿಡಿದುಕೊಂಡೇ ನೋಡಬೇಕೆಂದು ನನಗೆ ಅನ್ನಿಸಿದ್ದು ಆಗ.

ಹಂತ ಹಾಕಿ ಅಳೆಯುವುದು ನಮ್ಮ ಜನಕ್ಕೆ ಹೊಸದಲ್ಲ. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲದಲ್ಲಿ ಕಂದಾಯದವರು ಹೊಲದ ಬದುವಿನ ಮೇಲೆ ನಿಂತು ಬೆಳೆಯನ್ನು ಆಣೆಯಲ್ಲಿ ಅಂದಾಜು ಮಾಡುತ್ತಿದ್ದರು. ತುಂಬು ಬೆಳೆ ಹದಿನಾರಾಣೆ, ಅರ್ಧ ಬೆಳೆ ಎಂಟಾಣೆ. 1957ರಲ್ಲಿ ದಶಮಾಂಶ ನಾಣ್ಯ ಬಂದು ಆಣೆ ಹೋದರೂ, ಈಗಲೂ ಹಿರಿಯರು “ಈ ಸಲ ಎಂಟಾಣೆ ಬೆಳೆ” ಎನ್ನುವುದು ಕಿವಿಗೆ ಬೀಳುತ್ತದೆ. ಹದಿನಾರು ಮೆಟ್ಟಿಲಿನ ಈ ಅಳತೆ ಬಲು ಸೂಕ್ಷ್ಮವೆಂದು ಕಾಣುತ್ತದೆ. ಆದರೆ ಹತ್ತಾಣೆಗೂ ಹನ್ನೊಂದಾಣೆಗೂ ಇರುವ ವ್ಯತ್ಯಾಸ ಬೆಳೆಯಲ್ಲಿತ್ತೋ ನೋಡಿದವನ ಕಣ್ಣಿನಲ್ಲಿತ್ತೋ ಎಂದು ಹೇಳುವುದು ಕಷ್ಟವಾಗಿತ್ತು. 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಮಹಾಲನೋಬಿಸ್, ಸುಖಾತ್ಮೆ ಮೊದಲಾದವರು ಗೊತ್ತುಮಾಡಿದ ತುಂಡು ಹೊಲದ ಬೆಳೆಯನ್ನು ಕೊಯ್ದು ತೂಗುವ ಪ್ರಯೋಗಗಳನ್ನು ಬೆಳೆಸಿದ್ದು ಕಣ್ಣಂದಾಜನ್ನು ನೆಚ್ಚಿಕೊಳ್ಳಲಾಗದೆಂಬ ಕಾರಣಕ್ಕೇ. ಬೆಳೆಯನ್ನೇನೋ ತಕ್ಕಡಿಗೆ ಹಾಕಬಹುದು. ಮನಸ್ಸನ್ನು ಹಾಕಲಾಗುವುದಿಲ್ಲ.

ಮನಸ್ಸನ್ನು ಅಳೆಯಲು ಇಂದು ಎಲ್ಲೆಡೆ ಬಳಸುವ ಐದು ಹಂತಗಳಿಗೆ ಅಮೆರಿಕದ ರೆನ್ಸಿಸ್ ಲಿಕರ್ಟ್ ಅವರ ಹೆಸರು ಅಂಟಿಕೊಂಡಿದೆ. 1932ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಪೂರ್ಣ ಒಪ್ಪಿಗೆಯಿಂದ ಪೂರ್ಣ ವಿರೋಧದವರೆಗೆ ಐದು ಮೆಟ್ಟಿಲುಗಳಿದ್ದವು. ಅವರ ಹೆಸರು ಹೇಳುವವರು ಮರೆಯುವ ಸಂಗತಿಯೊಂದಿದೆ. ಲಿಕರ್ಟ್ ಒಂದೇ ಪ್ರಶ್ನೆ ಕೇಳಿ ಕೈತೊಳೆದುಕೊಳ್ಳಲಿಲ್ಲ. ಒಂದೇ ವಿಷಯದ ಮೇಲೆ ಹಲವಾರು ಹೇಳಿಕೆಗಳನ್ನು ಕೊಟ್ಟು ಎಲ್ಲದರ ಅಂಕವನ್ನೂ ಕೂಡಿಸಿದರು. ಒಂದು ಹೇಳಿಕೆಗೆ ‘ಪರವಾಗಿಲ್ಲ’ ಎಂದು ಜಾರಿಕೊಂಡವನು ಇನ್ನೊಂದರಲ್ಲಿ ತನ್ನ ಒಲವನ್ನು ಬಿಟ್ಟುಕೊಡುತ್ತಾನೆ, ಕೂಡಿಸಿದಾಗ ಆ ತಪ್ಪುಗಳು ಒಂದನ್ನೊಂದು ತಿನ್ನಿಕೊಳ್ಳುತ್ತವೆ. ಇಂದು ನಮಗೆ ಬರುವುದು ಒಂದೇ ಪ್ರಶ್ನೆ, ಐದು ನಕ್ಷತ್ರ. ಲಿಕರ್ಟ್ ಕೂಡಿಕೆಯ ಮೇಲೆ ಹೊರಿಸಿದ್ದ ಭಾರವೆಲ್ಲ ಆ ಒಂದು ಬೆರಳೊತ್ತಿನ ಮೇಲೆ ಬಿದ್ದಿದೆ.

ಎಷ್ಟು ಹಂತ ಇರಬೇಕೆಂಬ ಜಗಳವೂ ಇದೇ ಗಂಟಿನಲ್ಲಿ ಸಿಕ್ಕಿಕೊಂಡಿದೆ. 1971ರಲ್ಲಿ ಜೇಕಬಿ ಮತ್ತು ಮ್ಯಾಟೆಲ್ ಮೂರೇ ಹಂತ ಸಾಕೆಂದು ಬರೆದರು. ಎರಡರಿಂದ ಹತ್ತೊಂಬತ್ತರವರೆಗೆ ಹಂತಗಳನ್ನು ಬದಲಿಸಿ ನೋಡಿದರೂ ಅಳತೆಯ ಗಟ್ಟಿತನ ಅಷ್ಟೇ ಇತ್ತು ಎಂಬುದು ಅವರ ವಾದ. ಅವರೂ ಹಲವು ಹೇಳಿಕೆಗಳ ಅಂಕ ಕೂಡಿಸಿದವರೇ. 2000ದಲ್ಲಿ ಪ್ರೆಸ್ಟನ್ ಮತ್ತು ಕೋಲ್ಮನ್ 149 ಮಂದಿಗೆ ಅವರು ಇತ್ತೀಚೆಗೆ ಹೋಗಿಬಂದ ಅಂಗಡಿ ಅಥವಾ ಹೋಟೆಲಿನ ಸೇವೆಗೆ ಬೇರೆ ಬೇರೆ ಅಳತೆಯಲ್ಲಿ ಅಂಕ ಕೊಡಲು ಹೇಳಿದಾಗ ಫಲ ಬೇರೆಯೇ ಬಂತು. ಎರಡು, ಮೂರು, ನಾಲ್ಕು ಹಂತಗಳು ಎಲ್ಲಕ್ಕಿಂತ ದುರ್ಬಲವಾಗಿದ್ದವು. ಬೇಗ ಮುಗಿಯುತ್ತದೆ ಎಂದು ಚಿಕ್ಕ ಅಳತೆಯನ್ನು ಹೊಗಳಿದರೂ, ಮನಸ್ಸಿನಲ್ಲಿದ್ದುದನ್ನು ಹೇಳಲು ಅದು ಸಾಲದೆಂದು ಉತ್ತರ ಕೊಟ್ಟವರೇ ಹೇಳಿದರು.

ನಡುವಿನ ಚೌಕದ ಬಗ್ಗೆ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಷುಮನ್ ಮತ್ತು ಪ್ರೆಸರ್ 1981ರಲ್ಲಿ ಪ್ರಕಟಿಸಿದ ಪುಸ್ತಕ. ಒಂದೇ ಪ್ರಶ್ನೆಯನ್ನು ನಡುವಿನ ಆಯ್ಕೆ ಇಟ್ಟು ಕೆಲವರಿಗೆ, ಇಡದೆ ಕೆಲವರಿಗೆ ಕೇಳಿದರು. ಇಟ್ಟಾಗ ಅದನ್ನು ಆರಿಸಿಕೊಳ್ಳುವವರು ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಹೆಚ್ಚಿದರು. ಅಂದರೆ ಅಷ್ಟು ಜನರ ‘ಪರವಾಗಿಲ್ಲ’ ಹಾಳೆಯಲ್ಲಿ ಜಾಗವಿದ್ದರೆ ಮಾತ್ರ ಕಾಣುತ್ತದೆ. ಜಾಗ ಇಲ್ಲದಿದ್ದರೆ ಆ ಕಡೆಗೋ ಈ ಕಡೆಗೋ ಹೋಗಿ ಬೆರೆತುಹೋಗುತ್ತದೆ.

ಬೆರೆತರೆ ಏನಾಗುತ್ತದೆಂದು ಒಂದು ಕಲ್ಪನೆಯ ಲೆಕ್ಕದಲ್ಲಿ ನೋಡೋಣ. ಎರಡು ಊರು, ಒಂದೊಂದರಲ್ಲಿ ಇಪ್ಪತ್ತು ರೈತರು. ಮೊದಲ ಊರಲ್ಲಿ ಇಬ್ಬರು ಐದು ಅಂಕ ಕೊಟ್ಟರು, ಐವರು ನಾಲ್ಕು, ಒಂಬತ್ತು ಮಂದಿ ಮೂರು, ಮೂವರು ಎರಡು, ಒಬ್ಬರು ಒಂದು. ಒಟ್ಟು 64, ಸರಾಸರಿ 3.2. ಎರಡನೇ ಊರಿನ ಅರ್ಧ ಹೊಲ ಕಾಲುವೆಯ ತಲೆಯಲ್ಲಿದೆ, ಅರ್ಧ ಬಾಲದಲ್ಲಿ. ಅಲ್ಲಿ ಹತ್ತು ಮಂದಿ ಐದು ಕೊಟ್ಟರು, ಒಬ್ಬರು ಮೂರು, ಇಬ್ಬರು ಎರಡು, ಏಳು ಮಂದಿ ಒಂದು. ಅದೂ 64, ಅದೂ 3.2. ಸರಾಸರಿಯನ್ನಷ್ಟೇ ನೋಡಿದವರಿಗೆ ಎರಡೂ ಊರು ಒಂದೇ, ನೀರೇ ಸೇರದ ಏಳು ಮನೆ ಅದರೊಳಗೆ ಮುಳುಗಿಹೋಗಿವೆ.

ಅದೇ ಜನರಿಗೆ ಮೂರು ಹಂತ ಕೊಡಿ. ಮೊದಲ ಊರು 7, 9, 4 ಎಂದು ಹರಡಿಕೊಳ್ಳುತ್ತದೆ, ಎರಡನೆಯದು 10, 1, 9 ಎಂದು ಸೀಳಿ ನಿಲ್ಲುತ್ತದೆ. ಒಡಕು ಕಂಡಿತು. ಆದರೆ ಎರಡನೇ ಊರಿನ ಒಂಬತ್ತು ಅತೃಪ್ತರಲ್ಲಿ ಏಳು ಮಂದಿ ಕಂಗಾಲಾಗಿದ್ದಾರೆಂಬುದು ಅಳಿಸಿಹೋಯಿತು. ಇನ್ನು ಹೆಬ್ಬೆರಳು ಮೇಲೆ, ಕೆಳಗೆ ಎರಡನ್ನೇ ಕೊಡಿ. ಎರಡನೇ ಊರಿನ ಉತ್ತರ ಹೆಚ್ಚು ಅಲ್ಲಾಡುವುದಿಲ್ಲ: ನೂರಕ್ಕೆ 50 ಅಥವಾ 55 ಮಂದಿ ಮೇಲೆ. ಮೊದಲ ಊರಲ್ಲಿ ಮಾತ್ರ ಆ ಒಂಬತ್ತು ಜನ ಸಂಕೋಚಕ್ಕೆ ಹೆಬ್ಬೆರಳೆತ್ತಿದರೆ 80, ಬೇಸರಕ್ಕೆ ಇಳಿಸಿದರೆ 35. ನೀರು ಹರಿದದ್ದು ಅಷ್ಟೇ, ಜನರೂ ಅವರೇ. ಎಲ್ಲರಿಗೂ ಖಚಿತ ಅಭಿಪ್ರಾಯ ಇರುವಲ್ಲಿ ಹೆಬ್ಬೆರಳು ಒಳ್ಳೆಯ ಅಳತೆ. ಅರೆಮನಸ್ಸು ತುಂಬಿರುವಲ್ಲಿ ಅದು ಜನರನ್ನಲ್ಲ, ಜನರ ದಾಕ್ಷಿಣ್ಯವನ್ನು ಅಳೆಯುತ್ತದೆ.

ಹಾಗಾದರೆ ದೊಡ್ಡ ಕಂಪನಿಗಳು ಹೆಬ್ಬೆರಳಿನ ಕಡೆ ಹೋದದ್ದೇಕೆ? ಐದು ನಕ್ಷತ್ರಗಳಲ್ಲಿ ನಡುವಿನವು ಬಳಕೆಯಾಗದೆ ಉಳಿದವು. ಯೂಟ್ಯೂಬ್ 2009ರಲ್ಲಿ ತನ್ನ ಲೆಕ್ಕ ತೆಗೆದು ನೋಡಿದಾಗ ಹೆಚ್ಚಿನವರು ಐದನ್ನೇ ಒತ್ತುತ್ತಿದ್ದರು. ಎರಡು, ಮೂರು, ನಾಲ್ಕು ಹೆಸರಿಗಷ್ಟೇ ಇದ್ದವು. ಮರುವರ್ಷ ಅದು ಹೆಬ್ಬೆರಳಿಗೆ ಬದಲಾಯಿತು. 2017ರಲ್ಲಿ ನೆಟ್‌ಫ್ಲಿಕ್ಸ್ ಕೂಡ ನಕ್ಷತ್ರ ತೆಗೆಯಿತು, ಪರೀಕ್ಷೆಯಲ್ಲಿ ಅಂಕ ಕೊಡುವುದು ಶೇಕಡಾ 200ರಷ್ಟು ಹೆಚ್ಚಿತೆಂದು ಹೇಳಿತು. ನಕ್ಷತ್ರ ಕಂಡೊಡನೆ ಜನ ವಿಮರ್ಶಕರ ಪೀಠದಲ್ಲಿ ಕೂತು, ಗಂಭೀರ ಸಾಕ್ಷ್ಯಚಿತ್ರಕ್ಕೆ ಐದು ಕೊಟ್ಟು, ರಾತ್ರಿ ಮಾತ್ರ ಹಗುರ ಹಾಸ್ಯವನ್ನೇ ನೋಡುತ್ತಿದ್ದರು. ಹೆಬ್ಬೆರಳು ‘ಇದು ಒಳ್ಳೆಯದೇ?’ ಎಂಬುದನ್ನು ‘ನಿನಗೆ ಇಷ್ಟವಾಯಿತೇ?’ ಎಂದು ತಿರುಗಿಸಿತು. ನನಗೆ ಎಲ್ಲಕ್ಕಿಂತ ಮುಖ್ಯವೆನ್ನಿಸುವುದು 2022ರ ತಿದ್ದುಪಡಿ. ಅದೇ ನೆಟ್‌ಫ್ಲಿಕ್ಸ್ ಎರಡು ಹೆಬ್ಬೆರಳೆತ್ತುವ ಗುರುತನ್ನೂ ಸೇರಿಸಿತು. ಅಲ್ಲಿಗೆ ಮತ್ತೆ ಮೂರು ಹಂತ. ಆದರೆ ಈ ಮೂರರಲ್ಲಿ ನಡುವಿಲ್ಲ: ಇಷ್ಟವಾಗಲಿಲ್ಲ, ಇಷ್ಟವಾಯಿತು, ಬಹಳ ಇಷ್ಟವಾಯಿತು. ಒಳ್ಳೆಯದಕ್ಕೆ ಎರಡು ಮೆಟ್ಟಿಲು ಕೊಟ್ಟರೆ ‘ಪರವಾಗಿಲ್ಲ’ ಎನ್ನುವವನು ಸಂಕೋಚವಿಲ್ಲದೆ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಬಹುದು. ನಮ್ಮ ಮಾತಿನ ರೀತಿಗೆ ಐದಕ್ಕಿಂತ ಇದೇ ಹತ್ತಿರವೆಂದು ನಾನು ನಂಬಿದ್ದೇನೆ.

ಕಾಲೇಜುಗಳಿಗೆ ಮಾನ್ಯತೆ ಕೊಡುವ, ನಮ್ಮ ಬೆಂಗಳೂರಿನಲ್ಲೇ ನೆಲೆಯಿರುವ ನ್ಯಾಕ್ ಕೂಡ ಇದೇ ದಾರಿ ನಡೆದಿದೆ. 1994ರಲ್ಲಿ ಹುಟ್ಟಿದ ಈ ಸಂಸ್ಥೆ ಕಾಲೇಜುಗಳಿಗೆ ಮೊದಲು ಕೊಟ್ಟದ್ದು ನಕ್ಷತ್ರಗಳನ್ನೇ, ಹೆಚ್ಚೆಂದರೆ ಐದು. 2002ರಲ್ಲಿ ಅದು ಒಂಬತ್ತು ಅಕ್ಷರ ದರ್ಜೆಗಳಾಯಿತು. 2007ರಲ್ಲಿ ನಾಲ್ಕಕ್ಕೆ ಇಷ್ಟು ಎಂಬ ಸರಾಸರಿ ಬಂದು 3.01 ಮುಟ್ಟಿದವರೆಲ್ಲ ‘ಎ’ ಆದರು. 3.00ಕ್ಕೂ 3.01ಕ್ಕೂ ನಡುವೆ ಗೋಡೆ, 3.01ಕ್ಕೂ 3.99ಕ್ಕೂ ನಡುವೆ ಏನೂ ಇಲ್ಲ. 2016ರಲ್ಲಿ ಆ ಒಂದು ‘ಎ’ಯನ್ನು ಮೂರಾಗಿ ಸೀಳಬೇಕಾಯಿತು. 2024ರ ಜನವರಿಯಲ್ಲಿ ಮಾನ್ಯತೆ ಉಂಟು, ಇಲ್ಲ ಎಂಬ ಎರಡೇ ಹಂತದ ಪದ್ಧತಿ ಪ್ರಕಟವಾಯಿತು. ಹೊಸ್ತಿಲ ಹತ್ತಿರ ನಿಂತವರಿಗೆ ‘ಮಾನ್ಯತೆಯ ನಿರೀಕ್ಷೆಯಲ್ಲಿ’ ಎಂಬ ಮೂರನೆಯ ಮಾತೂ ಅದರಲ್ಲಿತ್ತು. ಎರಡು ಎಂದು ಹೊರಟ ಅಳತೆಗೂ ನಡುವೊಂದು ಬೇಕಾಯಿತು.

ಬಳ್ಳಾರಿ ಪೇಟೆಯಲ್ಲಿ ಊಟ ತಂದುಕೊಡುವ ಹುಡುಗರು ಬಾಗಿಲಲ್ಲಿ “ಅಣ್ಣಾ, ಐದು ಸ್ಟಾರ್ ಕೊಡ್ರಿ” ಎಂದು ಕೇಳುತ್ತಾರೆ. ಪಾಪ, ಅವರಿಗೆ ನಾಲ್ಕು ಎಂಬುದು ಶಹಭಾಸ್ ಅಲ್ಲ, ದೂರು. ಅಲ್ಲಿ ಐದು ಹಂತ ಕಾಗದದ ಮೇಲೆ ಮಾತ್ರ ಇದೆ, ನಡೆಯುವುದು ಐದು ಮತ್ತು ಐದಲ್ಲದ್ದು ಎಂಬ ಎರಡು ಹಂತ. ಹಂತ ಎಷ್ಟೆಂದು ನಿರ್ಧರಿಸುವುದು ಹಾಳೆಯಲ್ಲ, ಅಂಕ ಕಡಿಮೆಯಾದರೆ ಯಾರ ಹೊಟ್ಟೆಗೆ ಏಟು ಬೀಳುತ್ತದೆ ಎಂಬುದು. ಹೀಗಾಗಿದೆಯೇ ಎಂದು ತಿಳಿಯಲು ಸರಾಸರಿ ನೋಡಬಾರದು. ಎರಡು, ಮೂರು, ನಾಲ್ಕನ್ನು ಎಷ್ಟು ಜನ ಮುಟ್ಟಿದ್ದಾರೆಂದು ಎಣಿಸಬೇಕು.

ಈಗ ನಾನು ಒಂದೇ ಸಲಕ್ಕೆ ಐದು ಚೌಕ ಓದುವುದಿಲ್ಲ. ಮೊದಲು “ಸರಿ ಇದೆಯೋ, ಇಲ್ಲವೋ?” ಎಂದು ಕೇಳುತ್ತೇನೆ, ಆಮೇಲೆ “ಸ್ವಲ್ಪವೋ, ಬಹಳವೋ?” ಎಂದು. ‘ಪರವಾಗಿಲ್ಲ’ ಎಂದವರಿಗೆ “ಯಾವ ಕಡೆ ವಾಲುತ್ತದೆ?” ಎಂದು ಇನ್ನೊಂದು ಪ್ರಶ್ನೆ. ಕೊನೆಗೆ ಸಿಗುವುದು ಐದೇ ಹಂತ, ಆದರೆ ನಡುವಿನಲ್ಲಿ ಉಳಿಯುವವರು ನಿಜವಾಗಿ ನಡುವಿನವರು. ಓದು ಬಾರದವರಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ದುಂಡು ಬರೆದು ಐದು ಹುಣಸೆಬೀಜ ಕೊಡುತ್ತೇನೆ, ಎಷ್ಟು ಸರಿ ಇದೆಯೋ ಅಷ್ಟು ಬೀಜ ಒಳಗೆ.

ಕುರುಗೋಡಿನ ಹತ್ತಿರದ ಊರಲ್ಲಿ ನಲ್ಲಿ ನೀರಿನ ಬಗ್ಗೆ ಕೇಳಿದಾಗ ಅಜ್ಜಿಯೊಬ್ಬರು ಮೂರು ಬೀಜ ಒಳಗಿಟ್ಟರು. ನಾಲ್ಕನೆಯದನ್ನು ಗೆರೆಯ ಮೇಲೆ ಇಟ್ಟು ಬೆರಳು ತೆಗೆಯದೆ ಕೂತರು. ಒಳಗೋ ಹೊರಗೋ ಎಂದು ಕೇಳಿದೆ.

“ಮೂರು, ನೀರು ಬರೋದಕ್ಕ,” ಅಂದರು. “ಇದು, ರಾತ್ರಿ ಬಿಡೋದು ನಿಲ್ಲಿಸಿ ಹಗಲು ಬಿಟ್ರ ಒಳಗ ಹಾಕ್ತೀನಿ. ಅಲ್ಲಿತನಕ ಇಲ್ಲೇ ಇರ್ಲಿ, ಹಂಗಂತ ಬರಕೊಳ್ಳಪ್ಪ.”